ಅಸಿಸ್ಟೆಂಟ್ ಡೈರೆಕ್ಟರ್ ಕೆಲಸಕ್ಕೆ ಅರ್ಜಿ: 92 ಪುಟದ ಸ್ಕ್ರಿಪ್ಟ್ ಬೇಡ, 3 ಪುಟ ಸಾಕು

ಪ್ರಶ್ನೆ: ನಮಸ್ಕಾರ ಅಕ್ಕಾರ. ನಾನು ಗದಗಿನವಳು, ಈ ವರ್ಷ ಸಿನಿಮಾ ಕೋರ್ಸ್ ಮುಗಿಸಿದೆ. ಧಾರವಾಡ ಮತ್ತು ಲಕ್ಕುಂಡಿ ಕಡೆ ಶೂಟಿಂಗ್ ಆಗುವ ಒಂದು ಸಿನಿಮಾಕ್ಕೆ ಅಸಿಸ್ಟೆಂಟ್ ಡೈರೆಕ್ಟರ್ ಬೇಕು, ಕವರ್ ಲೆಟರ್ ಜೊತೆ ಸ್ಯಾಂಪಲ್ ಸ್ಕ್ರಿಪ್ಟ್ ಕಳಿಸಿ ಅಂದಿದ್ದಾರೆ. ಎರಡು ಪುಟದ ಪತ್ರ ಬರೆದು ನನ್ನ 92 ಪುಟದ ಸ್ಕ್ರಿಪ್ಟ್ ಹಚ್ಚಿದ್ದೇನೆ. ಎರಡನ್ನೂ ನಿಮಗೆ ಕಳಿಸಿದ್ದೇನೆ. ಇನ್ನೂ ಏನಾದ್ರೂ ಸೇರಿಸಬೇಕಾ?

ಉತ್ತರ: ಏನೂ ಸೇರಿಸಬೇಡಿ, ತೆಗೆಯಿರಿ. 92 ಪುಟದಲ್ಲಿ 3 ಪುಟ ಉಳಿಸಿ. ಆ 3 ಪುಟವನ್ನ ಶೂಟ್ ಮಾಡೋಕೆ ಏನೇನು ಬೇಕು ಅಂತ ನೀವೇ ಕೂತು ಒಂದು ಪುಟದ ಬ್ರೇಕ್‌ಡೌನ್ ಮಾಡಿ ಅದರ ಹಿಂದೆ ಹಚ್ಚಿ. ಪತ್ರ ಒಂದೇ ಪುಟ ಇರಲಿ. ಯಾಕೆ ಅಂತ ವಿವರವಾಗಿ ಹೇಳ್ತೇನೆ, ಯಾಕಂದ್ರೆ ನಿಮ್ಮ ಸ್ಕ್ರಿಪ್ಟಿನಲ್ಲೇ ಒಳ್ಳೆಯ ಸೀನ್ ಇದೆ, ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಘಟನೆ ಇದೆ, ಎರಡೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೂತಿವೆ.

ಇಂಥ ಮೇಲ್‌ಗಳನ್ನ ಮೊದಲು ತೆಗೆಯೋದು ಸಾಮಾನ್ಯವಾಗಿ ನಿರ್ದೇಶಕರಲ್ಲ. ಕೋ-ಡೈರೆಕ್ಟರ್ ಅಥವಾ ಅಸೋಸಿಯೇಟ್ ತೆಗೆಯುತ್ತಾರೆ. ನಾನು ಆರು ವರ್ಷ ಅಸೋಸಿಯೇಟ್ ಆಗಿದ್ದಾಗ ಈ ಕೆಲಸ ನನ್ನ ಪಾಲಿಗೇ ಬರ್ತಿತ್ತು. ಲೊಕೇಶನ್ ನೋಡೋಕೆ ಹೋಗುವಾಗ ವ್ಯಾನಿನಲ್ಲಿ ಕೂತು, ಫೋನಿನಲ್ಲೇ, ಒಂದೊಂದಕ್ಕೆ ಎರಡು ಮೂರು ನಿಮಿಷ. ಆಗ ನನ್ನ ತಲೆಯಲ್ಲಿ ಇರ್ತಿದ್ದ ಪ್ರಶ್ನೆ ಒಂದೇ. ಬೆಳಿಗ್ಗೆ ಐದೂವರೆಗೆ ಈ ವ್ಯಕ್ತಿಯ ಕೈಗೆ, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಎಲ್ಲ ಬರೆದಿಡುವ ಕಂಟಿನ್ಯುಟಿ ಪುಸ್ತಕ ಕೊಟ್ಟು ನಾನು ಬೇರೆ ಕೆಲಸಕ್ಕೆ ಹೋಗಬಹುದಾ? ಕಥೆ ಚೆನ್ನಾಗಿ ಬರೀತಾರಾ ಅನ್ನೋದು ಆಮೇಲಿನ ಮಾತು. ಆ ಸಿನಿಮಾಕ್ಕೆ ಕಥೆ ಆಗಲೇ ಇತ್ತು.

ಇದನ್ನ ಕಲಿಯೋಕೆ ನನಗೆ ಒಂದು ಪೆಟ್ಟು ಬೇಕಾಯ್ತು. ಒಮ್ಮೆ ಒಬ್ಬ ಹುಡುಗನನ್ನ ಅವನ ಸ್ಕ್ರಿಪ್ಟ್ ಓದಿ, ಮನಸ್ಸು ಕರಗಿ, ನಾನೇ ಒತ್ತಾಯ ಮಾಡಿ ತಗೊಂಡೆ. ಬರವಣಿಗೆ ನಿಜಕ್ಕೂ ಚೆನ್ನಾಗಿತ್ತು. ಮೂರನೇ ದಿನ ನಾಯಕಿಯ ಬಲಗೈಯಲ್ಲಿದ್ದ ಗಡಿಯಾರ ಊಟದ ನಂತರ ಎಡಗೈಗೆ ಬಂತು. ಅವನು ಮಾನಿಟರ್ ಪಕ್ಕದಲ್ಲೇ ನಿಂತಿದ್ದ, ಅಭಿನಯ ನೋಡ್ತಾ ಮೈಮರೆತಿದ್ದ. ಎಡಿಟಿಂಗ್ ಟೇಬಲ್ ಮೇಲೆ ಅದು ಗೊತ್ತಾದಾಗ ಆ ಮನೆಯ ಬಾಡಿಗೆ ಮುಗಿದಿತ್ತು. ಮತ್ತೆ ಅರ್ಧ ದಿನದ ಶೂಟಿಂಗ್, ಮತ್ತೆ ಎಲ್ಲರ ಬಾಟಾ, ಅಂದ್ರೆ ದಿನದ ಭತ್ಯೆ. ತಪ್ಪು ಅವನದ್ದಕ್ಕಿಂತ ನನ್ನದು. ಅವನು ಏನು ನೋಡ್ತಾನೆ, ಏನು ಬಿಡ್ತಾನೆ ಅಂತ ತಿಳಿಯೋ ಯಾವ ದಾರಿಯನ್ನೂ ನಾನು ಹುಡುಕಿರಲಿಲ್ಲ.

ಹಾಗಾಗಿ ನಿಮ್ಮ ಸ್ಯಾಂಪಲ್ ಸ್ಕ್ರಿಪ್ಟ್ ಆ ದಾರಿ ಆಗಬೇಕು. ನೀವು ಏನು ನೋಡ್ತೀರಿ ಅನ್ನೋದು ಅದರಲ್ಲಿ ಕಾಣಬೇಕು.

ನಿಮ್ಮ 92 ಪುಟವನ್ನ ಪೂರ್ತಿ ಓದಿದೆ. ಕಳಿಸಬೇಕಾದ್ದು ಸೀನ್ 31, ಖಾನಾವಳಿಯ ಸೀನ್. ಮಳೆಯಲ್ಲಿ ತೊಯ್ದ ಅಪ್ಪ ಒಳಗೆ ಬರ್ತಾನೆ, ಊಟಕ್ಕೆ ಕೂರ್ತಾನೆ, ಬಡಿಸುತ್ತಿರುವವಳು ಎಂಟು ವರ್ಷದ ಹಿಂದೆ ಮನೆ ಬಿಟ್ಟು ಹೋದ ಮಗಳು ಅಂತ ಅವನಿಗೆ ಗೊತ್ತಿಲ್ಲ. ಅವಳು "ಇನ್ನೊಂದು ರೊಟ್ಟಿ ಹಾಕ್ಲ್ಯಾ ರೀ?" ಅಂದಾಗ ದನಿ ಕೇಳಿ ತಲೆ ಎತ್ತುತ್ತಾನೆ. ಮೂರು ಪುಟ, ಒಂದೇ ಜಾಗ, ಮಾತಾಡುವವರು ಮೂರೇ ಜನ. ಹಿಂದಿನ ಕಥೆ ಗೊತ್ತಿಲ್ಲದವರಿಗೂ ಅರ್ಥ ಆಗುತ್ತೆ. ಸ್ಯಾಂಪಲ್ ಸೀನಿಗೆ ಇದು ತುಂಬಾ ಮುಖ್ಯ. ನೀವು ಪತ್ರದಲ್ಲಿ ಹೊಗಳಿಕೊಂಡಿರುವ ಜಾತ್ರೆಯ ಸೀನ್ ನೋಡೋಕೆ ದೊಡ್ಡದು, ಆದರೆ ಅದನ್ನ ಓದಿದ ಅಸೋಸಿಯೇಟ್‌ಗೆ 500 ಜನ ಜೂನಿಯರ್ ಆರ್ಟಿಸ್ಟುಗಳು, ತೇರು, ಪೊಲೀಸ್ ಬಂದೋಬಸ್ತ್ ಕಾಣುತ್ತೆ, ಅದನ್ನ ಹೇಗೆ ನಿಭಾಯಿಸ್ತೀರಿ ಅನ್ನೋದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ. ಖಾನಾವಳಿಗೆ ಉತ್ತರ ಇದೆ.

ಈಗ ಆ ಸೀನನ್ನ ಸೆಟ್ಟಿನ ಕಣ್ಣಿಂದ ಒಮ್ಮೆ ಓದೋಣ. ಬ್ರೇಕ್‌ಡೌನ್ ಪುಟದಲ್ಲಿ ಬರಬೇಕಾದ್ದು ಇದೇ.

ಮೊದಲ ಸಾಲಲ್ಲೇ ತೊಂದರೆ ಇದೆ. "ಸೀನ್ 31. ಒಳಗೆ. ಖಾನಾವಳಿ. ಸಂಜೆ" ಅಂತ ಬರೆದಿದ್ದೀರಿ. ಕಿಟಕಿಯಾಚೆ ನೀಲಿ ಬೆಳಕು ಅಂತಲೂ ಇದೆ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಆ ಬೆಳಕು ಇರೋದು ಹೆಚ್ಚೆಂದರೆ 20-25 ನಿಮಿಷ. ಮೂರು ಪುಟ ಮಾತು ಇರುವ ಸೀನನ್ನ ಅಷ್ಟರಲ್ಲಿ ಮುಗಿಸೋಕೆ ಆಗಲ್ಲ. ಒಂದು ಶಾಟ್‌ನಲ್ಲಿ ಕಿಟಕಿ ನೀಲಿ, ಮುಂದಿನ ಶಾಟ್‌ನಲ್ಲಿ ಕಪ್ಪು ಆಗುತ್ತೆ. ಇದಕ್ಕೆ ದಾರಿ ಎರಡು. ಕಿಟಕಿ ಮುಚ್ಚಿ ಇಡೀ ಸೀನನ್ನ "ರಾತ್ರಿ" ಮಾಡಬಹುದು. ಇಲ್ಲಾಂದ್ರೆ ಅಪ್ಪ ಬಾಗಿಲಲ್ಲಿ ನಿಲ್ಲುವ ಒಂದೇ ಶಾಟನ್ನ ಆ 20 ನಿಮಿಷದಲ್ಲಿ ತೆಗೆದು, ಉಳಿದದ್ದನ್ನ ಕಿಟಕಿ ಕಾಣದ ಕಡೆ ಕ್ಯಾಮೆರಾ ಇಟ್ಟು ತೆಗೆಯಬಹುದು. ನಾನಾದ್ರೆ ಎರಡನೇದನ್ನ ಬರೀತೀನಿ. ಕಥೆಗೆ ಸಂಜೆ ಬೇಕು, ಶೂಟಿಂಗಿಗೆ ರಾತ್ರಿ ಬೇಕು, ಎರಡನ್ನೂ ಉಳಿಸುವ ಬುದ್ಧಿ ಈ ಹುಡುಗಿಗೆ ಇದೆ ಅಂತ ಓದಿದವರಿಗೆ ತಿಳಿಯುತ್ತೆ.

ಮುಂದಿನದು ಮಳೆ. ತಗಡಿನ ಮೇಲೆ ಮಳೆ ಬೀಳುವ ಸದ್ದು ಅಂತ ಬರೆದಿದ್ದೀರಿ. ಓದೋಕೆ ಚೆನ್ನಾಗಿದೆ. ಆದರೆ ಮಳೆಯನ್ನ ಕಣ್ಣಿಗೆ ತೋರಿಸಬೇಕು ಅಂದ್ರೆ ಟ್ಯಾಂಕರ್ ನೀರು, ಪೈಪು, ಹಿಡಿಯೋಕೆ ಜನ ಬೇಕು. ಇನ್ನು ನಿಜವಾಗಿ ತಗಡಿನ ಮೇಲೆ ನೀರು ಬಿಟ್ಟರೆ ಆ ಸದ್ದಿನಲ್ಲಿ ಮಾತು ಕೇಳಲ್ಲ. ಡಬ್ಬಿಂಗ್ ಮಾಡುವ ಸಿನಿಮಾ ಆದ್ರೆ ಹೇಗೋ ಆಗುತ್ತೆ, ಮಾತನ್ನ ಸ್ಥಳದಲ್ಲೇ ರೆಕಾರ್ಡ್ ಮಾಡುವ ಸಿಂಕ್ ಸೌಂಡ್ ಆದ್ರೆ ಇಡೀ ಸೀನ್ ಹಾಳು. ನಿಮ್ಮ ಸೀನಿನಲ್ಲಿ ಮಗಳ ದನಿಯೇ ಮುಖ್ಯ, ಆ ದನಿಯನ್ನ ಸ್ಥಳದಲ್ಲೇ ಹಿಡಿಯಬೇಕು ಅಂತ ಯಾರಿಗಾದ್ರೂ ಅನ್ನಿಸುತ್ತೆ. ಹಾಗಾಗಿ ಬಾಗಿಲಾಚೆ ಒಂದು ಶಾಟ್‌ನಲ್ಲಿ ಮಾತ್ರ ನೀರು, ಉಳಿದ ಕಡೆ ಮಳೆ ಬರೀ ಸದ್ದು, ಅದನ್ನ ಆಮೇಲೆ ಸೇರಿಸೋದು. ಬ್ರೇಕ್‌ಡೌನಿನಲ್ಲಿ ಇದು ಒಂದೇ ಸಾಲು: "ಮಳೆ: ಒಂದು ಶಾಟ್‌ಗೆ ಮಾತ್ರ, ಬಾಗಿಲ ಹೊರಗೆ. ಉಳಿದದ್ದು ಸೌಂಡ್."

ಅಪ್ಪನ ತೊಯ್ದ ಅಂಗಿ ಇದೆಯಲ್ಲ, ಅದು ಲೈಟಿನ ಬಿಸಿಗೆ ಬೇಗ ಒಣಗುತ್ತೆ. ಮೊದಲ ಶಾಟ್‌ನಲ್ಲಿ ಹೆಗಲಿಂದ ನೀರು ತೊಟ್ಟಿಕ್ಕುತ್ತೆ, ಒಂದು ಗಂಟೆ ಆದ ಮೇಲೆ ಕಾಲರ್ ಒಣಗಿ ಬಣ್ಣವೇ ಬೇರೆ ಆಗಿರುತ್ತೆ. ಒಂದೇ ತರದ ಎರಡು ಅಂಗಿ, ನೀರಿನ ಸ್ಪ್ರೇ ಬಾಟಲಿ, ಮತ್ತು ಎಲ್ಲಿಯವರೆಗೆ ತೊಯ್ದಿತ್ತು ಅನ್ನೋದಕ್ಕೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ. ಎರಡು ಅಂಗಿ ಬೇಕು ಅನ್ನೋದನ್ನ ಕಾಸ್ಟ್ಯೂಮ್‌ನವರಿಗೆ ಮುಂಚೆಯೇ ಹೇಳಬೇಕು. ಶೂಟಿಂಗ್ ದಿನ ಬೆಳಿಗ್ಗೆ ಹೇಳಿದ್ರೆ ಎರಡನೇ ಅಂಗಿ ಎಲ್ಲಿಂದ ಬರುತ್ತೆ?

ಈ ಸೀನಿನ ನಿಜವಾದ ಕಷ್ಟ ಇರೋದು ರೊಟ್ಟಿಯಲ್ಲಿ. ನೀವು ಬರೀ "ರೊಟ್ಟಿ" ಅಂತ ಬರೆದಿದ್ದೀರಿ. ಬಿಸಿ ರೊಟ್ಟಿಯಾ, ಖಡಕ್ ರೊಟ್ಟಿಯಾ? ಬೆಂಗಳೂರಿನಲ್ಲಿ ಓದುವವರಿಗೆ ಇದು ಹೊಳೆಯದೇ ಇರಬಹುದು, ಗದಗಿನ ನಿಮಗೆ ಹೊಳೆಯಲೇಬೇಕು. ಖಡಕ್ ರೊಟ್ಟಿ ಮುರಿದರೆ ಟಪ್ ಅಂತ ಸದ್ದು ಬರುತ್ತೆ. ಅದು ಮಾತಿನ ಮೇಲೆ ಬಿದ್ದರೆ ಸೌಂಡ್‌ನವರು ಕಟ್ ಅನ್ನಿಸುತ್ತಾರೆ. ಆದರೆ ಅದನ್ನ ಮುಂಚೆಯೇ ಮಾಡಿಟ್ಟುಕೊಳ್ಳಬಹುದು, ದಿನಗಟ್ಟಲೆ ಕೆಡಲ್ಲ. ಬಿಸಿ ರೊಟ್ಟಿ ಸದ್ದು ಮಾಡಲ್ಲ, ಆದರೆ ಲೈಟಿನ ಕೆಳಗೆ ಇಟ್ಟರೆ ಸ್ವಲ್ಪ ಹೊತ್ತಿಗೇ ಅಂಚು ಒಣಗಿ ಮೇಲೆ ಏಳುತ್ತೆ, ಹಬೆಯಂತೂ ಮೊದಲ ಟೇಕ್ ಮುಗಿಯೋದರೊಳಗೆ ಹೋಗಿರುತ್ತೆ. "ಇನ್ನೊಂದು ಹಾಕ್ಲ್ಯಾ" ಅಂತ ಕೇಳಿ ಬಡಿಸುವಾಗ ಬಿಸಿ ರೊಟ್ಟಿಯೇ ಚೆಂದ. ಹಾಗಾದ್ರೆ ಸೆಟ್ಟಿನ ಪಕ್ಕದಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯೋಕೆ ಒಬ್ಬರು ಕೂತಿರಬೇಕು, ಆ ತಟ್ಟುವ ಸದ್ದು ಟೇಕ್ ನಡೆಯುವಾಗ ನಿಲ್ಲಬೇಕು, ಅದನ್ನ ನೋಡಿಕೊಳ್ಳೋದು ಕೂಡ ಅಸಿಸ್ಟೆಂಟ್ ಕೆಲಸವೇ.

ಎಷ್ಟು ರೊಟ್ಟಿ ಅಂತ ಲೆಕ್ಕ ಹಾಕಿ. ಅಪ್ಪ ರೊಟ್ಟಿ ಮುರಿಯುವುದು ಕಾಣುವ ಶಾಟ್ ಮೂರು ಅಂದ್ಕೊಳ್ಳೋಣ: ದೂರದ್ದು, ಅವನ ಮುಖದ್ದು, ಕೈಯದ್ದು. ಒಂದೊಂದಕ್ಕೆ ರಿಹರ್ಸಲ್ ಸೇರಿ ಆರು ಸಲ. ಪ್ರತಿ ಸಲ ಹೊಸ ರೊಟ್ಟಿ ಬೇಕು, ಅಲ್ಲಿಗೆ 18. ಮಗಳು ಬಡಿಸುವ ರೊಟ್ಟಿ ಬೇರೆ, ಅದು ಎರಡು ಶಾಟ್‌ನಲ್ಲಿ, ಇನ್ನೊಂದು 12. ಒಟ್ಟು 30, ಕೈಯಲ್ಲಿ 35 ಇರಲಿ. ಅಕ್ಕಪಕ್ಕದಲ್ಲಿ ಊಟ ಮಾಡ್ತಿರುವ ನಾಲ್ಕು ಜನರ ತಟ್ಟೆ ಬೇರೆ ಇದೆ, ಅವರಿಗೆ ಖಡಕ್ ರೊಟ್ಟಿ ಕೊಟ್ಟು ಮುರಿಯಬೇಡಿ ಅಂತ ಹೇಳಿದ್ರೆ ಸಾಕು. ಇದರ ಜೊತೆಗೆ, ಅಪ್ಪ ಯಾವ ಮಾತಿಗೆ ರೊಟ್ಟಿ ಮುರಿದ, ಯಾವ ಕೈಯಿಂದ, ತಟ್ಟೆಯಲ್ಲಿ ಎಷ್ಟು ಉಳಿದಿತ್ತು, ಪಲ್ಯ ಯಾವ ಕಡೆ ಇತ್ತು ಅನ್ನೋದನ್ನ ಟೇಕ್ ಟೇಕಿಗೂ ಬರೆದಿಡಬೇಕು. ನಟ ಮೂರನೇ ಟೇಕಿನಲ್ಲಿ ಮಾತಿಗೆ ಮುಂಚೆ ಮುರಿದು ಐದನೇ ಟೇಕಿನಲ್ಲಿ ಮಾತಾದ ಮೇಲೆ ಮುರಿದರೆ ಎಡಿಟರ್ ಆ ಎರಡನ್ನ ಜೋಡಿಸೋಕೆ ಆಗಲ್ಲ.

ಇಷ್ಟನ್ನೂ ಒಂದು ಪುಟದಲ್ಲಿ ಹಿಡಿಸಿ. ಚಂದದ ಸಾಫ್ಟ್‌ವೇರ್ ಬೇಡ. ಮೇಲೆ ಸೀನ್ ನಂಬರ್, ಜಾಗ, ಹಗಲೋ ರಾತ್ರಿಯೋ, ಎಷ್ಟು ಪುಟ. ಕೆಳಗೆ ಪಾತ್ರಗಳು, ಜೂನಿಯರ್ ಆರ್ಟಿಸ್ಟುಗಳು, ಪ್ರಾಪರ್ಟಿ, ಕಾಸ್ಟ್ಯೂಮ್, ಸೌಂಡ್, ಕೊನೆಗೆ "ಗಮನಿಸಬೇಕಾದ್ದು" ಅಂತ ಮೂರು ನಾಲ್ಕು ಸಾಲು. ಸಂಜೆಯ ಬೆಳಕು, ಎರಡು ಅಂಗಿ, ರೊಟ್ಟಿಯ ಲೆಕ್ಕ, ಇವು ಆ ಕೊನೆಯ ಭಾಗಕ್ಕೆ ಬರಲಿ. ಓದುವವರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಇನ್ನೊಂದು ಲೆಕ್ಕ ಸರಿ ಮಾಡಿ. ಒಂದು ಪುಟ ಅಂದ್ರೆ ಪರದೆಯ ಮೇಲೆ ಒಂದು ನಿಮಿಷ ಅಂತ ಕೋರ್ಸಿನಲ್ಲಿ ಕಲಿತಿರುತ್ತೀರಿ, ಅದನ್ನ ನಂಬಿ "3 ನಿಮಿಷ" ಅಂತ ಬರೆದಿದ್ದೀರಿ. ಆ ಲೆಕ್ಕ 12 ಪಾಯಿಂಟಿನ ಕೊರಿಯರ್ ಅಕ್ಷರದಲ್ಲಿ ಬರೆದ ಇಂಗ್ಲಿಷ್ ಸ್ಕ್ರಿಪ್ಟಿಗೆ ಹೊಂದುತ್ತೆ. ಕನ್ನಡದಲ್ಲಿ ಒಬ್ಬೊಬ್ಬರ ಫಾಂಟ್ ಒಂದೊಂದು, ಸಾಲಿನ ಅಂತರ ಒಂದೊಂದು. ಎಡಕ್ಕೆ ಚಿತ್ರಣ, ಬಲಕ್ಕೆ ಸಂಭಾಷಣೆ ಅಂತ ಎರಡು ಭಾಗ ಮಾಡಿ ಬರೆಯುವವರ ಪುಟವೇ ಬೇರೆ. ನಾನು ನಿಮ್ಮ ಸೀನನ್ನ ಗಡಿಯಾರ ಹಿಡಿದು, ಅಪ್ಪ ತಿನ್ನುವ ಹೊತ್ತು, ಸುಮ್ಮನಿರುವ ಹೊತ್ತು ಎಲ್ಲ ಸೇರಿಸಿ ಗಟ್ಟಿಯಾಗಿ ಓದಿದೆ. 4 ನಿಮಿಷ 20 ಸೆಕೆಂಡ್ ಆಯ್ತು. ನೀವೂ ಎರಡು ಸಲ ಓದಿ, ಬಂದ ಸಮಯವನ್ನ ಬ್ರೇಕ್‌ಡೌನಿನ ಮೇಲೆ ಬರೆಯಿರಿ. ಸೀನಿನ ಸಮಯ ಅಳೆದು ಹಾಕಿದ ಅರ್ಜಿ ನನ್ನ ಕೈಗೆ ಬಂದದ್ದು ಬಹಳ ಕಡಿಮೆ.

ಭಾಷೆಯ ವಿಷಯಕ್ಕೂ ಬರ್ತೇನೆ, ಯಾಕಂದ್ರೆ ಈ ಸಿನಿಮಾಕ್ಕೆ ನೀವು ಬೇಕಾಗೋದು ಹೆಚ್ಚಾಗಿ ಅದಕ್ಕೇ. ಪತ್ರದಲ್ಲಿ "ಉತ್ತರ ಕರ್ನಾಟಕದ ಭಾಷೆಯ ಮೇಲೆ ಸಂಪೂರ್ಣ ಹಿಡಿತವಿದೆ" ಅಂತ ಇದೆ. ಆ ಸಾಲು ತೆಗೆಯಿರಿ, ಸೀನ್ ಅದನ್ನ ತಾನೇ ತೋರಿಸುತ್ತೆ. ಖಾನಾವಳಿ ಮಾಲೀಕ "ಬರ್ರಿ ಯಜಮಾನ್ರ, ಕುಂದರ್ರಿ" ಅನ್ನೋದು, ಮಗಳು ಗುರುತು ಸಿಗದ ಹೊತ್ತಿನಲ್ಲಿ "ಹಾಕ್ಲ್ಯಾ ರೀ" ಅಂತಿದ್ದವಳು ಕೊನೆಗೆ ರೀ ಬಿಟ್ಟು "ಉಣ್ಣಪ್ಪಾ" ಅನ್ನೋದು, ಅದು ನಿಮ್ಮ ಮನೆಯ ಕಿವಿಯಿಂದ ಬಂದಿದೆ. ಆ ರೀ ಬಿಟ್ಟುಹೋಗುವುದರಲ್ಲೇ ಇಡೀ ಸೀನ್ ಇದೆ. ಆದರೆ ಮಾಲೀಕನ ಮಾತಿನಲ್ಲಿ ಸಾಲಿಗೊಂದು "ಲೇ", ಸಾಲಿಗೊಂದು "ಐತಿ" ತುರುಕಿದ್ದೀರಿ. ನಮ್ಮ ಭಾಷೆ ಹಾಗೆ ಒಂದೇ ಸಮ ಇಲ್ಲ. ಐತಿ ಅನ್ನೋರೂ ಇದ್ದಾರೆ, ಅದ ಅನ್ನೋರೂ ಇದ್ದಾರೆ, ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ ಬದಲಾಗುತ್ತೆ. ಗಿರಾಕಿಗೆ ಯಾವ ಖಾನಾವಳಿಯವನೂ ಲೇ ಅನ್ನಲ್ಲ. ಅವು ಹೋಗಲಿ.

ಜೊತೆಗೆ, ಸೆಟ್ಟಿನಲ್ಲಿ ಪ್ರಾಂಪ್ಟಿಂಗ್ ಕೆಲಸ ನಿಮಗೇ ಬರಬಹುದು. ಬೆಂಗಳೂರು, ಮಂಗಳೂರು ಕಡೆಯ ನಟರಿಗೆ ಈ ಕಡೆಯ ಸಂಭಾಷಣೆಯನ್ನ ಕ್ಯಾಮೆರಾ ಹಿಂದೆ ನಿಂತು ಹೇಳಿಕೊಡಬೇಕಾಗುತ್ತೆ. ಹಾಗಾಗಿ ಉಚ್ಚಾರದಂತೆಯೇ ಪ್ರತಿ ಅಕ್ಷರ ತಿರುಚಿ ಬರೆದರೆ ಓದುವವರು ಎಡವುತ್ತಾರೆ. ನಟನ ಬಾಯಿಗೆ ಸಿಗುವಷ್ಟು ಮಾತ್ರ ಬರೆಯಿರಿ, ಉಳಿದ ರಾಗವನ್ನ ನೀವು ಪಕ್ಕದಲ್ಲಿ ನಿಂತು ಕಲಿಸಬಹುದು.

ಈಗ ಪತ್ರ. ನಿಮ್ಮ ಪತ್ರ "ಬಾಲ್ಯದಿಂದಲೂ ಸಿನಿಮಾ ನನ್ನ ಉಸಿರು" ಅಂತ ಶುರುವಾಗಿ, ಅಜ್ಜಿಯ ಜೊತೆ ಟಾಕೀಸಿಗೆ ಹೋದದ್ದು, ಗದಗಿನ ನಾಟಕ ಕಂಪನಿಗಳು, ಎಲ್ಲ ದಾಟಿ ಎರಡನೇ ಪುಟದ ಮಧ್ಯದಲ್ಲಿ ಒಂದು ಸಾಲಿಗೆ ಬರುತ್ತೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಕ್ಲಾಸ್‌ಮೇಟ್ ಡಿಪ್ಲೊಮಾ ಚಿತ್ರಕ್ಕೆ ಕಂಟಿನ್ಯುಟಿ ನೋಡಿಕೊಂಡಿದ್ದು. ಊಟಕ್ಕೆ ಮುಂಚೆ ಮಗ್ಗದ ಮೇಲೆ ಸೀರೆಯ ಒಡಲು ಇತ್ತು, ನೀವೆಲ್ಲ ಊಟ ಮಾಡುವಾಗ ನೇಕಾರರು ತಮ್ಮ ಪಾಡಿಗೆ ತಾವು ನೇಯ್ದರು, ಊಟ ಮುಗಿಸಿ ಬಂದಾಗ ಸೆರಗು ಶುರುವಾಗಿತ್ತು, ನೀವು ಬೆಳಿಗ್ಗೆಯ ಫೋಟೋ ತೆಗೆದು ತೋರಿಸಿ ಶೂಟಿಂಗ್ ನಿಲ್ಲಿಸಿದಿರಿ. ಇದನ್ನ ಓದಿ ನಾನು ಎದ್ದು ಕೂತೆ. ಇಷ್ಟು ಒಳ್ಳೆಯ ವಿಷಯವನ್ನ ಒಂದೇ ಸಾಲಲ್ಲಿ ಬರೆದು, ಅಜ್ಜಿಗೆ ಎಂಟು ಸಾಲು ಕೊಟ್ಟಿದ್ದೀರಿ. ಪತ್ರ ಶುರುವಾಗಬೇಕಾದ್ದೇ ಮಗ್ಗದಿಂದ. ಆ ದಿನ ಹೇಗೆ ಸರಿಪಡಿಸಿದಿರಿ ಅಂತಲೂ ಬರೆಯಿರಿ. ನೀವು ಹೇಳಿದ್ದನ್ನೇ ಇಟ್ಟುಕೊಂಡು ನಾನು ಒಂದು ಕರಡು ಮಾಡಿದ್ದೇನೆ:

"ಮಾನ್ಯರೇ,

ನಿಮ್ಮ ಹೊಸ ಚಿತ್ರದ ಅಸಿಸ್ಟೆಂಟ್ ಡೈರೆಕ್ಟರ್ ಕೆಲಸಕ್ಕೆ ಈ ಅರ್ಜಿ. ನಾನು ಗದಗಿನವಳು, ಈ ವರ್ಷ ಸಿನಿಮಾ ಕೋರ್ಸ್ ಮುಗಿಸಿದ್ದೇನೆ.

ಕಳೆದ ಡಿಸೆಂಬರ್‌ನಲ್ಲಿ ಬೆಟಗೇರಿಯಲ್ಲಿ ಶೂಟ್ ಆದ ಒಂದು ಡಿಪ್ಲೊಮಾ ಚಿತ್ರಕ್ಕೆ ಐದು ದಿನ ಕಂಟಿನ್ಯುಟಿ ಮತ್ತು ಕ್ಲ್ಯಾಪ್ ನೋಡಿಕೊಂಡೆ. ಎರಡನೇ ದಿನ ಊಟದ ನಂತರ ಮಗ್ಗದ ಮೇಲಿನ ಸೀರೆ ಒಡಲಿನಿಂದ ಸೆರಗಿಗೆ ಬಂದಿತ್ತು. ಬೆಳಿಗ್ಗೆಯ ಫೋಟೋ ಜೊತೆ ಹೋಲಿಸಿ ಶಾಟ್‌ಗೆ ಮುಂಚೆಯೇ ನಿರ್ದೇಶಕರಿಗೆ ಹೇಳಿದೆ. ಮಗ್ಗ ಕಾಣದ ಎರಡು ಶಾಟ್‌ಗಳನ್ನ ಅಂದು ತೆಗೆದು, ಉಳಿದದ್ದನ್ನ ಮರುದಿನ ಇನ್ನೊಂದು ಮಗ್ಗದ ಮೇಲೆ ಅದೇ ಬಣ್ಣದ ಸೀರೆಯಲ್ಲಿ ತೆಗೆದೆವು.

ಜೊತೆಗೆ ನಾನು ಬರೆದ ಒಂದು ಸೀನ್ (3 ಪುಟ, 4 ನಿಮಿಷ 20 ಸೆಕೆಂಡ್) ಮತ್ತು ಅದಕ್ಕೆ ಮಾಡಿದ ಬ್ರೇಕ್‌ಡೌನ್ (1 ಪುಟ) ಇದೆ. ಗದಗಿನ ಒಂದು ಖಾನಾವಳಿಯಲ್ಲಿ ನಡೆಯುವ ಸೀನ್. ಸಂಜೆಯ ಬೆಳಕು, ತೊಯ್ದ ಅಂಗಿ ಮತ್ತು ಊಟದ ಕಂಟಿನ್ಯುಟಿಯನ್ನ ಹೇಗೆ ನಿಭಾಯಿಸಬಹುದು ಅಂತ ಬ್ರೇಕ್‌ಡೌನಿನ ಕೊನೆಯಲ್ಲಿ ಬರೆದಿದ್ದೇನೆ. ಪೂರ್ತಿ ಸ್ಕ್ರಿಪ್ಟ್ ಬೇಕಿದ್ದರೆ ಕಳಿಸುತ್ತೇನೆ.

ನಮ್ಮ ಮನೆಯಿಂದ ಲಕ್ಕುಂಡಿ 12 ಕಿಲೋಮೀಟರ್. ಅಲ್ಲಿಯ ಗುಡಿಗಳಲ್ಲಿ ಬೆಳಿಗ್ಗೆ, ಸಂಜೆ ಬೆಳಕು ಹೇಗೆ ಬೀಳುತ್ತೆ ಅಂತ ಫೋಟೋ ತೆಗೆದಿಟ್ಟಿದ್ದೇನೆ. ನಟರಿಗೆ ಈ ಕಡೆಯ ಮಾತು ಹೇಳಿಕೊಡಲು, ಪ್ರಾಂಪ್ಟಿಂಗ್ ಮಾಡಲು ಸಿದ್ಧಳಿದ್ದೇನೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ಪೂರ್ತಿ ಬಿಡುವಾಗಿದ್ದೇನೆ."

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ. ಫೋನಿನಲ್ಲಿ ಎರಡು ಸಲ ಬೆರಳು ಆಡಿಸಿದರೆ ಮುಗಿಯುತ್ತೆ. ಚಿತ್ರದ ಹೆಸರು ಪ್ರಕಟಣೆಯಲ್ಲಿ ಇದ್ದರೆ "ಹೊಸ ಚಿತ್ರ" ಅನ್ನೋ ಜಾಗದಲ್ಲಿ ಅದನ್ನೇ ಹಾಕಿ. ತಿಂಗಳು, ದಿನ, ಶಾಟ್ ಎಷ್ಟು, ಹೇಗೆ ಸರಿಪಡಿಸಿದಿರಿ ಅನ್ನೋದು ನಿಮ್ಮ ಕಂಟಿನ್ಯುಟಿ ಪುಸ್ತಕದಲ್ಲಿ ಇರುವ ಹಾಗೇ ಇರಲಿ, ನಾನು ಬರೆದದ್ದು ನಿಮ್ಮ ಲೆಕ್ಕಕ್ಕೆ ಹೊಂದದಿದ್ದರೆ ಬದಲಾಯಿಸಿ. ಲಕ್ಕುಂಡಿಯ ಫೋಟೋ ನಿಜವಾಗಿ ತೆಗೆದಿಲ್ಲ ಅಂದ್ರೆ ನಾಳೆಯೇ ಹೋಗಿ ತೆಗೆದು ಬನ್ನಿ, ಆಮೇಲೆ ಆ ಸಾಲು ಇಡಿ. ಫೋನಿನಲ್ಲಿ ಮೊದಲು ಕೇಳೋದು ಅದನ್ನೇ ಇರಬಹುದು: ಯಾವ ಗುಡಿ, ಎಷ್ಟು ಗಂಟೆಗೆ, ಬೆಳಕು ಎಲ್ಲಿಂದ ಬಂತು?

ನಿಮ್ಮ ಹಳೆಯ ಪತ್ರದಿಂದ ನಾನು ತೆಗೆದ ಮೂರು ಸಾಲುಗಳ ಬಗ್ಗೆ ಹೇಳಲೇಬೇಕು, ಇಲ್ಲಾಂದ್ರೆ ನೀವು ಮತ್ತೆ ಸೇರಿಸಿಬಿಡ್ತೀರಿ.

"ಲಕ್ಕುಂಡಿಯಲ್ಲಿ ಶೂಟಿಂಗ್ ಪರ್ಮಿಷನ್ ನಾನು ಕೊಡಿಸುತ್ತೇನೆ." ಇದನ್ನ ಎಲ್ಲೂ ಬರೆಯಬೇಡಿ, ಬಾಯಲ್ಲೂ ಹೇಳಬೇಡಿ. ಅಲ್ಲಿಯ ಕಾಶಿ ವಿಶ್ವೇಶ್ವರ ಗುಡಿಯಂಥವು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಶೂಟಿಂಗಿಗೆ ಆ ಇಲಾಖೆಗೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಅನುಮತಿ ಪತ್ರ ತಗೋಬೇಕು. ಊರಿನ ಪರಿಚಯದಿಂದ ಆಗುವ ಕೆಲಸ ಅದಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಒಂದು ಶಾಟ್ ಬೇಕಾದ್ರೂ ರೈಲ್ವೆಯವರ ಅನುಮತಿ ಬೇಕು. ಇದನ್ನ ತಿಳಿದಿರುವ ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮ ಸಾಲು ಓದಿದರೆ, ಈ ಹುಡುಗಿ ಗೊತ್ತಿಲ್ಲದ್ದಕ್ಕೂ ಮಾತು ಕೊಡ್ತಾಳೆ ಅಂತ ತಿಳೀತಾರೆ. ಊಟದ ವ್ಯವಸ್ಥೆ, ಹಳೆಯ ಮನೆಗಳು, ಮಗ್ಗ ಇರುವ ಮನೆ, ಎತ್ತಿನ ಗಾಡಿ ಯಾರ ಹತ್ತಿರ ಇದೆ ಅನ್ನೋದು, ಇಂಥದ್ದರಲ್ಲಿ ನಿಮ್ಮ ಪರಿಚಯ ಕೆಲಸಕ್ಕೆ ಬರುತ್ತೆ, ಅದನ್ನ ಫೋನಿನಲ್ಲಿ ಹೇಳಿ.

"ಸಂಬಳ ಇಲ್ಲದಿದ್ದರೂ ಪರವಾಗಿಲ್ಲ." ಇದನ್ನ ನೋಡಿ ನನಗೆ ಬೇಜಾರಾಯ್ತು. ಕೆಲಸ ಸಿಗಲಿ ಅನ್ನೋ ಆಸೆಯಿಂದ ಬರೆದಿದ್ದೀರಿ, ಗೊತ್ತು. ನಾನೂ ಮೊದಲ ಚಿತ್ರಕ್ಕೆ ಹಾಗೇ ಹೇಳಿದ್ದೆ, ನಾಲ್ಕು ತಿಂಗಳು ಬಸ್ಸಿನ ಖರ್ಚನ್ನೂ ಮನೆಯಿಂದ ತಂದೆ. ಆಮೇಲೆ ಎರಡನೇ ಚಿತ್ರಕ್ಕೂ ಅದೇ ತಂಡದವರು ಅದೇ ಲೆಕ್ಕದಲ್ಲಿ ಕರೆದರು. ಪತ್ರದಲ್ಲಿ ದುಡ್ಡಿನ ಮಾತೇ ಬೇಡ. ಕರೆ ಬಂದಾಗ ಕೇಳಿ: ತಿಂಗಳಿಗೆ ಎಷ್ಟು, ಶೂಟಿಂಗ್ ದಿನದ ಬಾಟಾ ಎಷ್ಟು, ಧಾರವಾಡದಲ್ಲಿ ಉಳಿಯೋದು ಎಲ್ಲಿ, ಹೆಣ್ಣುಮಕ್ಕಳಿಗೆ ಬೇರೆ ರೂಮ್ ಇದೆಯಾ, ರಾತ್ರಿ ಶೂಟಿಂಗ್ ಮುಗಿದ ಮೇಲೆ ಗಾಡಿ ಬಿಡುತ್ತಾ, ಟೈಟಲ್ ಕಾರ್ಡಿನಲ್ಲಿ ಹೆಸರು ಬರುತ್ತಾ. ಇವನ್ನ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ತಂಡದ ಜೊತೆ ಎರಡು ತಿಂಗಳು ಕಳೆಯೋದು ಕಷ್ಟ.

"ನನ್ನ ಅನುಮತಿ ಇಲ್ಲದೆ ಈ ಕಥೆ ಬಳಸಿದರೆ ಕಾನೂನು ಕ್ರಮ ಕೈಗೊಳ್ಳಲಾಗುವುದು." ಭಯ ಸಹಜ. ಆದರೆ ಕೆಲಸ ಕೇಳುವ ಪತ್ರದಲ್ಲಿ ಬೆದರಿಕೆ ಹೇಗೆ ಕೇಳಿಸುತ್ತೆ ಹೇಳಿ. ನಮ್ಮ ಕಾನೂನಿನಲ್ಲಿ ಬರೆದ ಕೂಡಲೇ ಕೃತಿಯ ಹಕ್ಕು ಬರೆದವರದ್ದು, ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಮಾಡಿಸಿದ್ರೆ ಮುಂದೆ ಜಗಳ ಬಂದಾಗ ಸಾಕ್ಷಿಗೆ ಅನುಕೂಲ, ಪೂರ್ತಿ ಸ್ಕ್ರಿಪ್ಟನ್ನ ಮಾಡಿಸಿಡಿ. ಈಗಂತೂ ನೀವು ಕಳಿಸ್ತಿರೋದು ಮೂರೇ ಪುಟ, ಉಳಿದ 89 ಪುಟ ನಿಮ್ಮ ಹತ್ತಿರವೇ ಇರುತ್ತೆ. ಪ್ರತಿ ಪುಟದ ಮೇಲೆ ಅಡ್ಡಲಾಗಿ ನಿಮ್ಮ ಹೆಸರಿನ ವಾಟರ್‌ಮಾರ್ಕ್ ಹಾಕಿದ್ದೀರಲ್ಲ, ಅದನ್ನೂ ತೆಗೆಯಿರಿ. ಅದರಿಂದ ಸಂಭಾಷಣೆ ಓದೋಕೆ ಕಷ್ಟ ಆಗುತ್ತೆ. ಪುಟದ ಕೆಳಗೆ ಸಣ್ಣದಾಗಿ ಹೆಸರು, ತಾರೀಖು ಇದ್ದರೆ ಸಾಕು.

ಫೈಲ್ ಕಳಿಸುವುದರಲ್ಲೂ ಒಂದು ಎಡವಟ್ಟು ಆಗಿದೆ. ನೀವು ಸ್ಕ್ರಿಪ್ಟನ್ನ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲಾಗಿ ಕಳಿಸಿದ್ದೀರಿ. ನನ್ನ ಕಂಪ್ಯೂಟರಿನಲ್ಲಿ ಆ ಫಾಂಟ್ ಇತ್ತು, ಸರಿಯಾಗಿ ಬಂತು. ಫೋನಿನಲ್ಲಿ ತೆಗೆದರೆ ಒಂದು ಅಕ್ಷರ ಕನ್ನಡ ಇಲ್ಲ, ಪೂರ್ತಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ವ್ಯಾನಿನಲ್ಲಿ ಕೂತ ಅಸೋಸಿಯೇಟ್ ಅದನ್ನ ಮುಚ್ಚಿ ಮುಂದಿನ ಇಮೇಲ್‌ಗೆ ಹೋಗ್ತಾರೆ, ಯಾಕೆ ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ. ಯೂನಿಕೋಡಿಗೆ ಬದಲಾಯಿಸಿ, ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನ ಒಂದೊಂದಾಗಿ ನೋಡಿ, ಅರ್ಕಾವೊತ್ತು ಇರುವ ಕಡೆ ಹೆಚ್ಚಾಗಿ ಕೆಡುತ್ತೆ. ಆಮೇಲೆ ಪಿಡಿಎಫ್ ಮಾಡಿ. ಸೀನ್ ಮತ್ತು ಬ್ರೇಕ್‌ಡೌನ್ ಎರಡೂ ಒಂದೇ ಪಿಡಿಎಫ್‌ನಲ್ಲಿ ಇರಲಿ, ಡೌನ್‌ಲೋಡ್ ಆದ ಮೇಲೂ ಯಾರದ್ದು ಅಂತ ತಿಳಿಯುವಂತೆ ಫೈಲಿಗೆ ನಿಮ್ಮ ಹೆಸರು ಇಡಿ. ಈಗಿರುವ `final_final2.docx` ನೂರು ಫೈಲಿನ ನಡುವೆ ಕಳೆದುಹೋಗುತ್ತೆ. ಪತ್ರವನ್ನ ಬೇರೆ ಫೈಲ್ ಮಾಡಬೇಡಿ, ಇಮೇಲ್ ಒಳಗೇ ಬರೆಯಿರಿ. ಕಳಿಸುವ ಮುಂಚೆ ಮನೆಯಲ್ಲಿ ಯಾರದ್ದಾದ್ರೂ ಬೇರೆ ಫೋನಿಗೆ ಕಳಿಸಿ ತೆಗೆದು ನೋಡಿ.

ಕೊನೆಯದಾಗಿ ಸೀನ್ 31ರಲ್ಲೇ ಒಂದು ವಿಷಯ ಇದೆ. ಪುಟ 1ರಲ್ಲಿ ಅಪ್ಪ ಒಳಗೆ ಬರುವಾಗ ಕೈಯಲ್ಲಿ ಕೈಚೀಲ ಇದೆ. ಪುಟ 2ರಲ್ಲಿ ಅದನ್ನ ಬೆಂಚಿನ ಮೇಲೆ ಇಡ್ತಾನೆ. ಪುಟ 3ರಲ್ಲಿ ಎರಡೂ ಕೈ ಜೋಡಿಸಿ ಮಗಳ ಮುಂದೆ ನಿಲ್ತಾನೆ, ಹಾಗೇ ಹೊರಗೆ ನಡೀತಾನೆ. ಚೀಲ ಎಲ್ಲಿ ಹೋಯ್ತು? ಮರೆತು ಹೋಗಿದ್ದರೆ ತಿದ್ದಿ. ಬೇಕಂತಲೇ ಮಗಳ ಹತ್ತಿರ ಬಿಟ್ಟು ಹೋಗಿದ್ದರೆ ಅದನ್ನ ಅವಳು ನೋಡುವ ಒಂದು ಸಾಲು ಬರೆಯಿರಿ, ಬ್ರೇಕ್‌ಡೌನಿನ ಪ್ರಾಪರ್ಟಿಯಲ್ಲಿ "ಕೈಚೀಲ, ಸೀನ್ ಮುಗಿದಾಗ ಬೆಂಚಿನ ಮೇಲೆ" ಅಂತ ಸೇರಿಸಿ.